ಲೇಬಲ್‌ನಲ್ಲಿ ಟ್ರಾನ್ಸ್ ಕೊಬ್ಬು ಸೊನ್ನೆ, ಪಟ್ಟಿಯಲ್ಲಿ ಹೈಡ್ರೋಜನೀಕರಿಸಿದ ಎಣ್ಣೆ

ಪ್ರಶ್ನೆ: ಬಿಸ್ಕತ್ತಿನ ಪೊಟ್ಟಣವೊಂದರ ಮೇಲೆ ಟ್ರಾನ್ಸ್ ಕೊಬ್ಬು 0 ಗ್ರಾಂ ಎಂದಿದೆ. ಅದರ ಕೆಳಗೇ ‘ಭಾಗಶಃ ಹೈಡ್ರೋಜನೀಕರಿಸಿದ ಸಸ್ಯಜನ್ಯ ಎಣ್ಣೆ’ ಎಂದೂ ಇದೆ. ಎರಡೂ ನಿಜವಾಗಿರುವುದು ಹೇಗೆ? ಹೃದಯಕ್ಕೆ ಇದು ಸ್ಯಾಚುರೇಟೆಡ್ ಕೊಬ್ಬಿಗಿಂತಲೂ ಕೆಟ್ಟದ್ದೇ?

ಆಹಾರ ರಸಾಯನಶಾಸ್ತ್ರಜ್ಞೆ: ಆ ಸೊನ್ನೆ ಅಳತೆಯಲ್ಲಿ ಸಿಕ್ಕಿದ್ದಲ್ಲ, ನಿಯಮ ಅನುಮತಿಸಿದ್ದು. ಅಮೆರಿಕದ ಲೇಬಲ್ ನಿಯಮದಲ್ಲಿ, ತಯಾರಕರು ನಮೂದಿಸುವ ಒಂದು ಸಲದ ಸೇವನೆಯಲ್ಲಿ ಟ್ರಾನ್ಸ್ ಕೊಬ್ಬು 0.5 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು 0 ಎಂದೇ ಬರೆಯಬಹುದು. ಮೂರು ಬಿಸ್ಕತ್ತಿನಲ್ಲಿ 0.4 ಗ್ರಾಂ ಇದೆಯೆಂದುಕೊಳ್ಳಿ. ದಿನಕ್ಕೆ ಹನ್ನೆರಡು ತಿಂದವರಿಗೆ 1.6 ಗ್ರಾಂ ಸೇರುತ್ತದೆ. ಒಟ್ಟು ಶಕ್ತಿಯಲ್ಲಿ ಟ್ರಾನ್ಸ್ ಕೊಬ್ಬಿನ ಪಾಲು ಶೇಕಡಾ 1ಕ್ಕಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ಸೇವಿಸುವವರಿಗೆ ಅದು ಸುಮಾರು 2.2 ಗ್ರಾಂ. ಹೀಗೆ ‘ಸೊನ್ನೆ’ಯ ತಿನಿಸೊಂದರಿಂದಲೇ ದಿನದ ಮಿತಿಯ ಮುಕ್ಕಾಲು ಪಾಲು ಹತ್ತಿರ ಮುಗಿದುಹೋಗುತ್ತದೆ.

ಟ್ರಾನ್ಸ್ ಹುಟ್ಟುವುದು ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದರಿಂದ. ಬಿಸಿ ಎಣ್ಣೆಗೆ ನಿಕ್ಕಲ್ ಪುಡಿ ಬೆರೆಸಿ ಹೈಡ್ರೋಜನ್ ಹಾಯಿಸಿದಾಗ, ಕೊಬ್ಬಿನಾಮ್ಲದ ಸರಪಳಿಯಲ್ಲಿರುವ ದ್ವಿಬಂಧವು ಲೋಹದ ಮೇಲ್ಮೈಗೆ ಅಂಟಿ ಒಂದು ಹೈಡ್ರೋಜನ್ ಪರಮಾಣುವನ್ನು ಪಡೆಯುತ್ತದೆ. ಎರಡನೆಯದು ಸಿಗುವ ಮೊದಲೇ ಒಂದು ಪರಮಾಣು ಕಳಚಿಕೊಂಡರೆ ದ್ವಿಬಂಧ ಮರಳಿ ಕೂಡುತ್ತದೆ, ಆದರೆ ಅನೇಕ ಸಲ ಮೊದಲಿನ ಬಾಗು ಕಳೆದುಕೊಂಡು ನೇರವಾಗಿ. ಅದೇ ಟ್ರಾನ್ಸ್ ರೂಪ. ನೇರವಾದ ಸರಪಳಿಗಳು ಒತ್ತಾಗಿ ಜೋಡಿಕೊಳ್ಳುವುದರಿಂದ ದ್ರವವಾಗಿದ್ದ ಎಣ್ಣೆ ಮೆದುವಾಗಿ ಗಟ್ಟಿಯಾಗುತ್ತದೆ. ತಯಾರಕರಿಗೆ ಬೇಕಾದದ್ದೂ ಆ ಹದವೇ. ಇಂಥ ಕೊಬ್ಬಿನಲ್ಲಿ ಸಾಮಾನ್ಯವಾಗಿ ಶೇಕಡಾ 25ರಿಂದ 45ರಷ್ಟು ಟ್ರಾನ್ಸ್ ಇರುತ್ತದೆ. ಕ್ರಿಯೆಯನ್ನು ಪೂರ್ತಿಗೊಳಿಸಿದರೆ ದ್ವಿಬಂಧಗಳು ಬಹುತೇಕ ಉಳಿಯುವುದೇ ಇಲ್ಲವಾದ್ದರಿಂದ ಟ್ರಾನ್ಸ್ ಕೂಡ ಇಲ್ಲವಾಗುತ್ತದೆ, ಆದರೆ ಕೊಬ್ಬು ಮೇಣದಷ್ಟು ಗಡುಸಾಗುತ್ತದೆ.

ಒಬ್ಬ ಸದಸ್ಯರು: ಹಾಗಾದರೆ ಕಾರ್ಖಾನೆಯನ್ನಷ್ಟೇ ದೂರುವುದೇಕೆ ಮೇಡಂ? ಮನೆಯಲ್ಲಿ ಎಣ್ಣೆ ಕಾಯಿಸಿದರೂ ಟ್ರಾನ್ಸ್ ಕೊಬ್ಬು ಆಗುತ್ತದೆಯಲ್ಲ?

ಆಹಾರ ರಸಾಯನಶಾಸ್ತ್ರಜ್ಞೆ: ಆಗುತ್ತದೆ, ನಿಮ್ಮ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ನಿಕ್ಕಲ್ ಇಲ್ಲದೆ ಬರಿಯ ಶಾಖದಿಂದ ಹುಟ್ಟುವ ಪ್ರಮಾಣ ಬಹಳ ಸಣ್ಣದು, ಅದೂ ಹೆಚ್ಚು ಉಷ್ಣದಲ್ಲಿ ಮತ್ತೆ ಮತ್ತೆ ಕಾಯಿಸಿದಾಗ. ಅಂಥ ಎಣ್ಣೆಯಲ್ಲಿ ಚಿಂತೆ ಮಾಡಬೇಕಾದದ್ದು ಆಕ್ಸಿಜನ್ ಜೊತೆ ಸೇರಿ ಹುಟ್ಟುವ ಬೇರೆ ವಸ್ತುಗಳ ಬಗ್ಗೆ.

ಹೃದ್ರೋಗ ವೈದ್ಯರು: ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಅವರು 59 ಆರೋಗ್ಯವಂತರಿಗೆ ಮೂರು ಬಗೆಯ ಆಹಾರವನ್ನು ತಲಾ ಮೂರು ವಾರ ಕೊಟ್ಟರು. ಶಕ್ತಿಯ ಶೇಕಡಾ 10ರಷ್ಟು ಭಾಗ ಮಾತ್ರ ಒಂದರಲ್ಲಿ ಆಲಿವ್ ಎಣ್ಣೆಯಂಥವುಗಳಲ್ಲಿ ಹೇರಳವಾಗಿರುವ ಓಲಿಕ್ ಆಮ್ಲದಿಂದ, ಒಂದರಲ್ಲಿ ಟ್ರಾನ್ಸ್‌ನಿಂದ, ಒಂದರಲ್ಲಿ ಸ್ಯಾಚುರೇಟೆಡ್ ಕೊಬ್ಬಿನಿಂದ ಬರುತ್ತಿತ್ತು. ಓಲಿಕ್‌ಗೆ ಹೋಲಿಸಿದರೆ ಸ್ಯಾಚುರೇಟೆಡ್ ಕೊಬ್ಬು ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಅನ್ನು ಡೆಸಿಲೀಟರ್ ರಕ್ತಕ್ಕೆ ಸುಮಾರು 18 ಮಿಲಿಗ್ರಾಂ ಏರಿಸಿತು, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಬದಲಾಗಲಿಲ್ಲ. ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಸುಮಾರು 14 ಏರಿಸಿದ್ದಲ್ಲದೆ ಎಚ್‌ಡಿಎಲ್ ಅನ್ನು 7ರಷ್ಟು ಇಳಿಸಿತು. ಆತಂಕಕ್ಕೆ ಕಾರಣವಾದದ್ದು ಈ ಇಳಿಕೆಯೇ. ಪ್ರಯೋಗದ ಪ್ರಮಾಣ ದಿನನಿತ್ಯದ ಸೇವನೆಗಿಂತ ದೊಡ್ಡದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ಒಂದು ವಿಮರ್ಶೆಯಲ್ಲಿ, ಶಕ್ತಿಯ ಶೇಕಡಾ 2ರಷ್ಟು ಹೆಚ್ಚುವರಿ ಟ್ರಾನ್ಸ್ ಕೊಬ್ಬಿಗೆ ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 23ರಷ್ಟು ಹೆಚ್ಚಾಗಿ ಕಂಡುಬಂದಿತು. ಕೊಲೆಸ್ಟ್ರಾಲ್ ಬದಲಾವಣೆಯೊಂದರಿಂದ ಇಷ್ಟನ್ನು ವಿವರಿಸಲಾಗುವುದಿಲ್ಲ. ಉರಿಯೂತ, ರಕ್ತನಾಳದ ಒಳಪದರದ ಹಾನಿ ಇವುಗಳ ಪಾತ್ರವಿದೆಯೆಂದು ಹೇಳುತ್ತಾರೆ. ಯಾವುದಕ್ಕೆ ಎಷ್ಟು ಪಾಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇನ್ನೊಬ್ಬ ಸದಸ್ಯೆ: ನಮ್ಮ ತಂದೆಯವರಿಗೆ ಸ್ಟೆಂಟ್ ಹಾಕಿದ್ದಾರೆ, ಮಾತ್ರೆಯಿಂದ ಎಲ್‌ಡಿಎಲ್ 70ಕ್ಕೆ ಇಳಿದಿದೆ. ಬೆಣ್ಣೆಯ ಟ್ರಾನ್ಸ್ ನೈಸರ್ಗಿಕವಾದದ್ದರಿಂದ ಅವರು ಬೆಣ್ಣೆಯನ್ನು ಧಾರಾಳವಾಗಿ ತಿನ್ನಬಹುದಲ್ಲವೇ ಡಾಕ್ಟರ್?

ಹೃದ್ರೋಗ ವೈದ್ಯರು: ಇಲ್ಲಿನ ಚರ್ಚೆಯಿಂದ ಆ ಅರ್ಥ ಹೊರಡುವುದಿಲ್ಲ, ತಾಯಿ. ಹಾಲಿನ ಕೊಬ್ಬಿನಲ್ಲಿ ಟ್ರಾನ್ಸ್ ಸ್ವಲ್ಪವೇ ಇದ್ದು, ಸಾಮಾನ್ಯ ಸೇವನೆಯಲ್ಲಿ ಅದಕ್ಕೂ ಕಾಯಿಲೆಗೂ ಸ್ಪಷ್ಟ ಸಂಬಂಧ ಕಂಡಿಲ್ಲ. ಆದರೆ ಹೆಚ್ಚು ಪ್ರಮಾಣದಲ್ಲಿ ಅದೂ ಎಲ್‌ಡಿಎಲ್ ಏರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಣ್ಣೆಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್. ಮಾತ್ರೆ ತಂದ 70ನ್ನು ಆಹಾರಕ್ಕೆ ಸಿಕ್ಕ ಪರವಾನಗಿಯೆಂದು ದಯವಿಟ್ಟು ಓದಬೇಡಿ. ಅವರನ್ನು ನೋಡುತ್ತಿರುವ ವೈದ್ಯರನ್ನೇ ಕೇಳಿ.

ಪ್ರಶ್ನೆ ಕೇಳಿದವರು: ಹಾಗಾದರೆ ಪಟ್ಟಿಯಲ್ಲಿ ‘ಪೂರ್ಣ ಹೈಡ್ರೋಜನೀಕರಿಸಿದ’ ಎಂದಿದ್ದರೆ ನಿಶ್ಚಿಂತೆಯೇ?

ಆಹಾರ ರಸಾಯನಶಾಸ್ತ್ರಜ್ಞೆ: ಟ್ರಾನ್ಸ್ ಮಟ್ಟಿಗೆ ಬಹುತೇಕ ಹೌದು, ಸ್ಯಾಚುರೇಟೆಡ್ ಕೊಬ್ಬಿನ ಮಟ್ಟಿಗೆ ಅಲ್ಲ. ‘ಭಾಗಶಃ’ ಎಂದಿದ್ದರೆ ಮಾತ್ರ ಸೊನ್ನೆಯನ್ನು ನಂಬಬೇಡಿ. ಡೆನ್ಮಾರ್ಕ್ 2003ರಲ್ಲಿ ಮಿತಿಯನ್ನು ಸೇವನೆಯ ಲೆಕ್ಕದಲ್ಲಿ ಇಡದೆ, 100 ಗ್ರಾಂ ಕೊಬ್ಬಿಗೆ 2 ಗ್ರಾಂ ಎಂದು ಗೊತ್ತುಮಾಡಿತು. ಬಿಸ್ಕತ್ತಿನ ಸಂಖ್ಯೆಯನ್ನು ಎಷ್ಟು ಚಿಕ್ಕದಾಗಿ ನಮೂದಿಸಿದರೂ ಆ ಅಳತೆಯಲ್ಲಿ ಟ್ರಾನ್ಸ್ ಅಡಗುವುದಿಲ್ಲ.