ಓವರ್‌ಹೆಡ್ ಕೂಲಿ ಮೇಲೆ ಹಂಚಿದ್ರೆ ಏನ್ ತಪ್ಪು? ಕಾಸ್ಟ್ ಆಡಿಟರ್ ಮೇಡಂ ಜೊತೆ ಪ್ರಶ್ನೋತ್ತರ

ಪೀಣ್ಯ ಅಕೌಂಟ್ಸ್: ಮೇಡಂ, ನಮ್ದು ಬುಷ್ ಮತ್ತೆ ವಾಲ್ವ್ ಬಾಡಿ ಮಾಡೋ ಕಂಪನಿ. ಕಾಸ್ಟ್ ಶೀಟ್‌ನಲ್ಲಿ ಬುಷ್ 6 ರೂಪಾಯಿ ನಷ್ಟ, ವಾಲ್ವ್ 20 ಲಾಭ ತೋರಿಸ್ತಿದೆ. ಎಂಡಿ ಬುಷ್ ನಿಲ್ಲಿಸಿ ಅಂತಿದಾರೆ. ಓವರ್‌ಹೆಡ್ಡನ್ನ ಕೂಲಿಯ 200% ಅಂತ ಹಾಕ್ತೀವಿ. ಒಂದು ಬೇ, ಒಂದು ತಿಂಗಳ ಲೆಕ್ಕ ಹಾಕಿದೀನಿ: ಓವರ್‌ಹೆಡ್ 12 ಲಕ್ಷ, ಕೂಲಿ 6 ಲಕ್ಷ, ಬುಷ್ 25,000, ವಾಲ್ವ್ 20,000 ಪೀಸ್.

ಕಾಸ್ಟ್ ಆಡಿಟರ್ ಮೇಡಂ: ಬುಷ್ ನಿಲ್ಲಿಸ್ಬೇಡಿ, ಮೊದ್ಲು ಎಂಡಿಗೆ ಇದನ್ನ ಹೇಳಿ. ಆ 12 ಲಕ್ಷದಲ್ಲಿ ಹಳೇ ಲೇತ್ ಕಡೆ ಎಷ್ಟು, ಸಿಎನ್‌ಸಿ ಕಡೆ ಎಷ್ಟು? ವಾಲ್ವ್ ಬಾಡಿ ಸಿಎನ್‌ಸಿಲೇ ಮಾಡೋದು ತಾನೇ?

ಪೀಣ್ಯ ಅಕೌಂಟ್ಸ್: ಹೌದು ಮೇಡಂ. ಲೇತ್ 2.4, ಸಿಎನ್‌ಸಿ 9.6 ಲಕ್ಷ, ಅದರಲ್ಲಿ 8 ಲಕ್ಷ ಫಿಕ್ಸೆಡ್. ಒಂದು ವಾಲ್ವ್‌ಗೆ 3 ನಿಮಿಷ. ಆರ್ಡರ್ ಬಿದ್ದೋಗಿ ಈಗ ತಿಂಗಳಿಗೆ 1,000 ಗಂಟೆ ಓಡ್ತಿದೆ, ಮೊದ್ಲು 1,600 ಓಡ್ತಿತ್ತು.

ಮೇಡಂ: ಬುಷ್‌ಗೆ ಕೂಲಿ 16, ವಾಲ್ವ್‌ಗೆ ಬರೀ 10. ಮೆಷಿನ್ ತಾನೇ ಕೆಲಸ ಮಾಡೋ ಕಡೆ ಕೂಲಿ ಕಮ್ಮಿ ಇರುತ್ತೆ, ಸವಕಳಿ ಕರೆಂಟು ಜಾಸ್ತಿ ಇರುತ್ತೆ, ಕೂಲಿ ಮೇಲೆ ಹಂಚಿದ್ರೆ ಮೆಷಿನ್‌ದು ಖರ್ಚೆಲ್ಲ ಕೈಯಲ್ಲಿ ದುಡಿಯೋ ಲೇತ್‌ನವನ ಪೀಸ್ ಮೇಲೆ ಹೋಗಿ ಕೂರುತ್ತೆ. ಸೆಂಟರ್ ಬೇರೆ ಮಾಡಿ ನೋಡಿ. ಬುಷ್‌ಗೆ ಬರೋ ಓವರ್‌ಹೆಡ್ 32 ಅಲ್ಲ, 9.60. ಮೆಟೀರಿಯಲ್ 40 ಸೇರಿ 65.60 ಆಯ್ತು, ನೀವು ಮಾರೋದು 82ಕ್ಕೆ.

ಇನ್ನು ವಾಲ್ವ್. 9.6 ಲಕ್ಷಾನೂ 20,000ಕ್ಕೆ ಹಂಚಿದ್ರೆ 48, ಮೆಟೀರಿಯಲ್ 120 ಸೇರಿ 178, ಮಾರೋದು 170. ಹಾಗಾದ್ರೆ ವಾಲ್ವ್ ನಷ್ಟ ಅಂತ ಓಡಬೇಡಿ, ಅದೂ ತಪ್ಪು. ಖಾಲಿ ನಿಂತ 600 ಗಂಟೆ ಖರ್ಚನ್ನ ಓಡಿದ ಪೀಸ್ ಹೊರೋದಲ್ಲ. ಫಿಕ್ಸೆಡ್ 8 ಲಕ್ಷ ನಾರ್ಮಲ್ 1,600 ಗಂಟೆಗೆ ಭಾಗಿಸಿ, ಗಂಟೆಗೆ 500. ಬಾಕಿ 1.6 ಲಕ್ಷ ಓಡಿದ 1,000ಕ್ಕೆ, ಗಂಟೆಗೆ 160. 3 ನಿಮಿಷಕ್ಕೆ 33 ರೂಪಾಯಿ. ಕಾಸ್ಟ್ 163, ಲಾಭ 7. ಖಾಲಿ 600 ಗಂಟೆದು, ಹೀರಿಕೊಳ್ಳದ 3 ಲಕ್ಷ ಪ್ರಾಡಕ್ಟ್ ಕಾಸ್ಟಲ್ಲಿ ಬರಲ್ಲ, ಲೆಕ್ಕಪತ್ರದ ಲಾಭಕ್ಕೆ ಹೊಂದಿಸೋ ರೀಕನ್ಸಿಲಿಯೇಶನ್‌ನಲ್ಲಿ ಬೇರೆಯಾಗಿ ಕಾಣ್ಬೇಕು.

ಗಾರ್ಮೆಂಟ್ಸ್ ಬೊಮ್ಮನಹಳ್ಳಿ: ಮೇಡಂ ನಮ್ ಆಡಿಟರ್ ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್ ಮಾಡ್ತಾರೆ, ಅವರೇ ಕಾಸ್ಟ್ ಆಡಿಟ್ಟೂ ಮಾಡ್ಬಹುದಾ?

ಮೇಡಂ: ಇದು ಟ್ಯಾಕ್ಸ್ ಆಡಿಟ್ ಅಲ್ಲ. ಕಂಪನಿ ಕಾಯ್ದೆ ಸೆಕ್ಷನ್ 148. ಕಾಸ್ಟ್ ಅಕೌಂಟೆಂಟೇ ಆಗ್ಬೇಕು, ನಿಮ್ ಸ್ಟ್ಯಾಚುಟರಿ ಆಡಿಟರ್ ಆಗಲ್ಲ.

ಯಶವಂತಪುರ ಟ್ರೇಡರ್: ನಮ್ದು 40 ಕೋಟಿ ಟರ್ನೋವರ್, ಕಾಸ್ಟ್ ಆಡಿಟ್ ಅಪ್ಲೈ ಆಗುತ್ತಾ?

ಮೇಡಂ: ತಯಾರಿ ಮಾಡ್ತೀರೋ, ಬರೀ ಮಾರ್ತೀರೋ? ಮಾಡ್ತಿದ್ದು ನಿಮ್ಮ ಸರಕಿನ ಕೋಡ್ ರೂಲ್ಸ್ ಟೇಬಲಲ್ಲಿ ಇದ್ರೆ, ಒಟ್ಟು ಟರ್ನೋವರ್ 35 ಕೋಟಿ ದಾಟಿದ್ಮೇಲೆ ಕಾಸ್ಟ್ ರೆಕಾರ್ಡ್ ಇಡ್ಬೇಕು. ಆಡಿಟ್‌ಗೆ ಸಾಮಾನ್ಯ ವಲಯದಲ್ಲಿ ಒಟ್ಟು 100, ಆ ಸರಕಿಗೆ 35.

ಜಿಗಣಿ ಪ್ಲಾಸ್ಟಿಕ್: 40 ಕೋಟಿಗೆ ಅಪ್ಲೈ ಆಗುತ್ತಾ ಮೇಡಂ?

ಮೇಡಂ: ಮೇಲೆ ಓದಿ.

ಎಕ್ಸೆಲ್ ಗುರು: ಇಷ್ಟೆಲ್ಲ ಯಾಕೆ? ವಾಟ್ಸಾಪಲ್ಲಿ ಬಂದಿರೋ ಫಾರ್ಮ್ಯಾಟ್ ಇದೆ, ಸೇಲ್ಸ್‌ನ 15% ಓವರ್‌ಹೆಡ್ ಅಂತ ಹಾಕಿ, ಯಾರೂ ಕೇಳಲ್ಲ.

ಮೇಡಂ: ಕೇಳ್ತೀನಿ. ಆ ಫಾರ್ಮ್ಯಾಟ್ ಈ ವರ್ಷ ನಾಲ್ಕು ಕ್ಲೈಂಟ್ ಹತ್ರ ನೋಡಿದೀನಿ. ಬೆಲೆ ಏರಿದ್ರೆ ಖರ್ಚೂ ಏರುತ್ತೆ, ಅದು ಲೆಕ್ಕಾನಾ? ಗಿರಾಕಿಗೆ ಆ ಶೀಟ್ ಮೇಲೆ ದರ ಹೇಳಿದ್ರೆ ಮುಂದೆ ನೀವೇ ಅನುಭವಿಸ್ತೀರಿ. ದಯವಿಟ್ಟು ಇನ್ನು ಫಾರ್ವರ್ಡ್ ಮಾಡ್ಬೇಡಿ.

ಶಾಪ್‌ಫ್ಲೋರ್ ಸೂಪರ್‌ವೈಸರ್: ಆಫೀಸಲ್ಲಿ ಕೂತು ಗಂಟೆ ಬರೀರಿ ಅಂತೀರ, ಶಿಫ್ಟಲ್ಲಿ ಜಾಬ್ ಕಾರ್ಡ್ ಬರೆಯೋನು ಯಾರು?

ಪೀಣ್ಯ ಅಕೌಂಟ್ಸ್: ನಮ್ ಸೂಪರ್‌ವೈಸರ್ ತಿಂಗಳ ಕೊನೇಲಿ ಕೂತು ಬರೀತಾರೆ, ಸತ್ಯ ಹೇಳ್ತಿದೀನಿ.

ಶಾಪ್‌ಫ್ಲೋರ್ ಸೂಪರ್‌ವೈಸರ್: ನಿಮ್ಮನ್ನ ಮೆಷಿನ್ ಮುಂದೆ ಒಂದು ರಾತ್ರಿ ನಿಲ್ಲಿಸ್ಬೇಕು ಸ್ವಾಮಿ, ಆಮೇಲೆ ಮಾತಾಡಿ.

ಮೇಡಂ: ಜಗಳ ಬಿಡಿ. ತಿಂಗಳ ಕೊನೇಲಿ ಬರೆದ ಕಾರ್ಡ್ ನೋಡಿದ್ ತಕ್ಷಣ ಗೊತ್ತಾಗುತ್ತೆ. ಮೂವತ್ತು ದಿನಾನೂ ಒಂದೇ ಪೆನ್ನು, ಎಲ್ಲ ಸರಿಯಾಗಿ 8.00 ಗಂಟೆ, ಒಂದು ಕಾರ್ಡ್ ಮೇಲೂ ಕೂಲೆಂಟ್ ಕಲೆ ಇಲ್ಲ. ನಾನು ಸಿಎನ್‌ಸಿ ಪ್ಯಾನೆಲ್‌ನ ರನ್ ಅವರ್ ಕೌಂಟರ್ ಓದ್ತೀನಿ, ಮೀಟರ್ ಯೂನಿಟ್ ಪಕ್ಕದಲ್ಲಿಟ್ಟು ಹೋಲಿಸ್ತೀನಿ. ಆ 1,600 ಅನ್ನೋದನ್ನೂ ಬಾಯಿಮಾತಿಗೆ ಒಪ್ಪಲ್ಲ. ಮೇಂಟೆನೆನ್ಸ್‌ಗೆ ನಿಲ್ಲೋ ಗಂಟೆ ಕಳೆದು, ಹಿಂದಿನ ಕೆಲವು ವರ್ಷ ಸರಾಸರಿ ನಿಜವಾಗಿ ಓಡಿದ್ದೇ ನಾರ್ಮಲ್. ಯಾವಾಗ್ಲೂ 1,100 ಓಡ್ತಿದ್ರೆ 1,600 ಹಾಕೋದು ನಷ್ಟ ಮುಚ್ಚಿಡೋ ದಾರಿ.

ಎಕ್ಸೆಲ್ ಗುರು: ಮೇಡಂ, ಎಂಡಿ ಕಾರಿನ ಲೋನ್ ಬಡ್ಡಿ ಯಾವ ಓವರ್‌ಹೆಡ್?

ಗಾರ್ಮೆಂಟ್ಸ್ ಬೊಮ್ಮನಹಳ್ಳಿ: ಮೊದ್ಲು 15% ವಾಪಸ್ ತಗೊಳ್ರೀ, ಆಮೇಲೆ ಕಾರು.

ಪೀಣ್ಯ ಅಕೌಂಟ್ಸ್: ಮೇಡಂ, ಲಾಗ್ ಪುಸ್ತಕ ತೆಗೆದೆ. ಎರಡು ವರ್ಷ 1,550ರಿಂದ 1,650 ಇದೆ. ಅದಕ್ಕೂ ಹಿಂದಿನ ವರ್ಷದ ಪುಸ್ತಕವೇ ಸಿಗ್ತಿಲ್ಲ.

ಮೇಡಂ: ಆ ವರ್ಷದ ಕರೆಂಟ್ ಬಿಲ್ ತೆಗೆಸಿ. ಯೂನಿಟ್ ಹೊಂದಲಿಲ್ಲ ಅಂದ್ರೆ 163 ಬದಲಾಗುತ್ತೆ, ಅಲ್ಲೀವರೆಗೂ ಎಂಡಿಗೆ ವಾಲ್ವ್ ಬಗ್ಗೆ ಏನೂ ಹೇಳ್ಬೇಡಿ.