ಸಹಾಯ ಬೇಕು: ಶೇರ್ ಕೊಟ್ಟು ಕಂಪನಿ ಕೊಂಡ್ರೆ ಇಪಿಎಸ್ ಲೆಕ್ಕ

ಫೈನಾನ್ಸ್ ಗೊತ್ತಿರೋರು ಸ್ವಲ್ಪ ನೋಡಿ. ಕೇಸ್ ಸ್ಟಡಿಲಿ ಕೊಳ್ಳೋ ಕಂಪನಿ ಲಾಭ 100 ಕೋಟಿ, ಶೇರು 10 ಕೋಟಿ, ಅಂದ್ರೆ ಇಪಿಎಸ್ 10 ರೂಪಾಯಿ, ಶೇರ್ ಬೆಲೆ 200, ಪಿಇ 20. ಇನ್ನೊಂದು ಕಂಪನಿ ಲಾಭ 30 ಕೋಟಿ, ಅದಕ್ಕೆ 450 ಕೋಟಿ ಕೊಡ್ತಾರೆ, ಪಿಇ 15 ಅಷ್ಟೇ, ಪೂರ್ತಿ ಹೊಸ ಶೇರಲ್ಲೇ, ಅಂದ್ರೆ 2.25 ಕೋಟಿ ಶೇರು. 130ನ್ನ 12.25ರಿಂದ ಭಾಗಿಸಿದ್ರೆ 10.61, ಅಕ್ರೀಶನ್ ಬಂತು, ಇಲ್ಲೀವರೆಗೂ ಓಕೆ.

ಆದ್ರೆ ಕೊಂಡ ಕಂಪನಿಯ ಕಸ್ಟಮರ್ ಕಾಂಟ್ರಾಕ್ಟ್‌ಗಳಿಗೆ ವ್ಯಾಲ್ಯೂ ಕಟ್ಟಿ ವರ್ಷಕ್ಕೆ 10 ಕೋಟಿ ಅಮಾರ್ಟೈಸೇಶನ್ ಹಾಕಿದ್ರೆ, 25% ಟ್ಯಾಕ್ಸ್ ಕಳೆದು ಲಾಭ 7.5 ಕೋಟಿ ಇಳಿದು ಇಪಿಎಸ್ ಸರಿಯಾಗಿ 10ಕ್ಕೇ ವಾಪಸ್! ಕ್ಯಾಶ್ ಹೋಗಲ್ಲ ಅಂತ ಇದನ್ನ ಬಿಟ್ಟು ಅಕ್ರೀಟಿವ್ ಅಂತ ತೋರ್ಸೋದು ನಂಗ್ಯಾಕೋ ಅನುಮಾನ. ನೀವಾದ್ರೆ ಯಾವ್ದನ್ನ ಮುಖ್ಯ ನಂಬರ್ ಮಾಡ್ತೀರಾ, ಎರಡನ್ನೂ ಕೊಡ್ಬೇಕಾ?