ಪ್ರೋಸೆಸ್ ಡಯಾಗ್ರಾಮ್‌ನಲ್ಲಿ ಎಲ್ಲಾ ಕಡೆ ಪ್ಯಾಸಿವ್ ಹಾಕ್ಬೇಕಾ?

ಪ್ರಶ್ನೆ (ಸುರತ್ಕಲ್): ಮೇಡಂ, ಐಇಎಲ್‌ಟಿಎಸ್ ಅಕಾಡೆಮಿಕ್ ಟಾಸ್ಕ್ 1ರಲ್ಲಿ ಪ್ರೋಸೆಸ್ ಡಯಾಗ್ರಾಮ್ ಬಂದ್ರೆ ಪ್ರತಿ ಸ್ಟೇಜೂ ಪ್ಯಾಸಿವ್‌ನಲ್ಲೇ ಬರೀಬೇಕಾ? ಹಂಚು ಮಾಡುವ ಡಯಾಗ್ರಾಮ್ ಬರ್ದು ನೋಡಿದೆ, ಎಲ್ಲಾ ವಾಕ್ಯನೂ ‘ದೆನ್ ಇಟ್ ಈಸ್’ ಅಂತಲೇ ಶುರುವಾಗ್ತಾ ಉಂಟು.

ಟ್ರೈನರ್ (ಮಂಗಳೂರು): ಎಲ್ಲಾ ಕಡೆ ಬೇಡ. ಮನುಷ್ಯನೋ ಮೆಷಿನ್ನೋ ಮಾಡುವ ಕೆಲಸಕ್ಕೆ ಪ್ಯಾಸಿವ್, ತನ್ನಷ್ಟಕ್ಕೇ ಆಗುವುದಕ್ಕೆ ಆಕ್ಟಿವ್. ಮಣ್ಣು ಅಗೆಯುವುದು ‘ಕ್ಲೇ ಈಸ್ ಡಗ್’, ಪ್ರೆಸ್ಸಲ್ಲಿ ಒತ್ತುವುದು ‘ಈಸ್ ಪ್ರೆಸ್ಡ್’, ಆದ್ರೆ ಒಣಗುವಾಗ ಹಂಚು ಕುಗ್ಗುವುದು ‘ದ ಟೈಲ್ಸ್ ಶ್ರಿಂಕ್’, ಗೂಡಲ್ಲಿ ಸುಟ್ಟಾಗ ಕೆಂಪಾಗುವುದು ‘ದೇ ಟರ್ನ್ ರೆಡ್’ ಅಷ್ಟೆ. ಪ್ಯಾಸಿವ್ ಅಭ್ಯಾಸ ಆದ ಮೇಲೆ ನಮ್ಮ ಮಕ್ಕಳು ‘ಈಸ್ ಹ್ಯಾಪನ್ಡ್’, ‘ಈಸ್ ರಿಮೇನ್ಡ್’ ಅಂತೆಲ್ಲ ಬರೀತಾರೆ, ಅದು ಇಂಗ್ಲಿಷೇ ಅಲ್ಲ ಮಾರಾಯ್ರೆ.

ಇನ್ನು ನಿಮ್ಮ ‘ಇಟ್’ ವಿಷಯ. ಪ್ರೆಸ್ಸಿಂದ ಹೊರಗೆ ಬಂದದ್ದು ಮಣ್ಣಲ್ಲ, ಹಸಿ ಹಂಚು, ಅಲ್ಲಿ ಹೆಸರು ಬದಲಾಯಿಸಿ, ‘ವೆಟ್ ಟೈಲ್ಸ್’ ಅನ್ನಿ. ಆಮೇಲೆ ಎರಡು ಸ್ಟೇಜ್ ಒಂದೇ ವಾಕ್ಯಕ್ಕೆ ತನ್ನಿ: ‘ದ ಕ್ಲೇ, ವಿಚ್ ಈಸ್ ಡಗ್ ಫ್ರಮ್ ದ ಗ್ರೌಂಡ್, ಈಸ್ ಮಿಕ್ಸ್ಡ್ ವಿದ್ ವಾಟರ್ ಅಂಡ್ ಪ್ರೆಸ್ಡ್ ಇಂಟು ವೆಟ್ ಟೈಲ್ಸ್. ದೀಸ್ ಆರ್ ಲೆಫ್ಟ್ ಆನ್ ರ‍್ಯಾಕ್ಸ್, ವೇರ್ ದೇ ಡ್ರೈ ಅಂಡ್ ಶ್ರಿಂಕ್, ಬಿಫೋರ್ ಬೀಯಿಂಗ್ ಫೈರ್ಡ್ ಇನ್ ಅ ಕಿಲ್ನ್.’ ಐದಾರು ಸ್ಟೇಜ್ ಎರಡೇ ವಾಕ್ಯದಲ್ಲಿ ಮುಗೀತು, ‘ದೆನ್’ ಒಂದೂ ಬರ್ಲಿಲ್ಲ, ಪ್ಯಾಸಿವ್ ಮಧ್ಯೆ ಆಕ್ಟಿವ್ ಸಹಾ ಕೂತಿತು ನೋಡಿ.

ಉಡುಪಿಯಿಂದ ಒಬ್ರು: ನಮ್ಮ ಸರ್ ಪ್ರತಿ ಪ್ಯಾಸಿವ್‌ಗೂ ‘ಬೈ ವರ್ಕರ್ಸ್’ ಸೇರ್ಸಿ ಅಂತಿದ್ರು, 150 ವರ್ಡ್ಸ್ ಬೇಗ ತುಂಬ್ತದೆ ಅಂತ. ಟೆನ್ಸ್ ಮಾತ್ರ ಸಿಂಪಲ್ ಪ್ರೆಸೆಂಟ್.

ಟ್ರೈನರ್: ಟೆನ್ಸ್ ಸರಿ. ‘ಬೈ’ ಬಗ್ಗೆ ಒಪ್ಪುದಿಲ್ಲ. ಚಿತ್ರದಲ್ಲಿ ಅಗೆಯುವ ಮೆಷಿನ್ ತೋರಿಸಿದ್ರೆ ‘ಬೈ ಅ ಡಿಗರ್’ ಹಾಕಿ, ಅದು ಮಾಹಿತಿ. ಕೆಲಸದವ್ರು ಚಿತ್ರದಲ್ಲೇ ಇಲ್ಲದಿದ್ರೆ ಎಲ್ಲಿಂದ ತರ್ತೀರಿ? ನಾವು ಕನ್ನಡದಲ್ಲಿ ‘ಮಣ್ಣು ಅಗೀತಾರೆ’ ಅಂತ ಯಾರು ಅಂತ ಹೇಳದೇ ಮಾತಾಡ್ತೇವಲ್ಲ, ಅದೇ ಗುಂಗಲ್ಲಿ ‘ದೇ ಡಿಗ್’ ಬರ್ತದೆ, ಸುರುವಿಗೆ ಅದನ್ನು ಹುಡುಕಿ ತೆಗೀರಿ.

ಇನ್ನೊಬ್ರು (ಕುಂದಾಪುರ): ನಂಗೆ ಜನರಲ್ ಟ್ರೈನಿಂಗ್, ಲೆಟರಲ್ಲಿ ಸಹಾ ಪ್ಯಾಸಿವ್ ಬೇಕಾ?

ಟ್ರೈನರ್: ನಿಮ್ಗೆ ಡಯಾಗ್ರಾಮೇ ಬರುದಿಲ್ಲ ಅಕ್ಕ, ಲೆಟರ್ ಮಾತ್ರ. ಅದಕ್ಕೆ ಬೇರೆ ಪೋಸ್ಟ್ ಹಾಕಿ.

ಪ್ರಶ್ನೆ ಕೇಳಿದವರು: ‘ಆಫ್ಟರ್ ಡ್ರೈಯಿಂಗ್ ದ ಟೈಲ್ಸ್, ದೇ ಆರ್ ಫೈರ್ಡ್’ ಅಂತ ಬರ್ದಿದ್ದೇನೆ, ಓಕೆನಾ?

ಟ್ರೈನರ್: ಅಲ್ಲ. ಅದ್ರಲ್ಲಿ ಹಂಚೇ ಹಂಚನ್ನು ಒಣಗಿಸಿದ ಹಾಗೆ ಆಗ್ತದೆ. ‘ಆಫ್ಟರ್ ಬೀಯಿಂಗ್ ಡ್ರೈಡ್, ದ ಟೈಲ್ಸ್ ಆರ್ ಫೈರ್ಡ್.’

ಉಡುಪಿಯವರೇ: ಓವರ್‌ವ್ಯೂ ಕೊನೆಗೆ ಬರೀಬಹುದಾ ಮೇಡಂ? ನಮ್ಮ ಸರ್ ಕೊನೆಗೇ ಹೇಳಿದ್ದು.

ಟ್ರೈನರ್: ಬರೀಬಹುದು, ನಾನು ಇಂಟ್ರೋ ಆದ ಕೂಡ್ಲೇ ಬರೆಸ್ತೇನೆ, 20 ನಿಮಿಷದಲ್ಲಿ ಕೊನೇದು ಬಿಟ್ಟುಹೋಗ್ತದೆ ಅಂತ. ನಿಮ್ಮ ಸರ್‌ಗೆ ಅವ್ರದ್ದೇ ಕಾರಣ ಇರಬಹುದು.